42 ಪುಟದ ಅನುದಾನ ಪ್ರಕಟಣೆಯನ್ನು ಎರಡು ಪುಟಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ಬಾಗೇಪಲ್ಲಿ ತಾಲ್ಲೂಕಿನಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಎಂಟು ಸರ್ಕಾರಿ ಶಾಲೆಗಳಲ್ಲಿ ಮಳೆನೀರು ಸಂಗ್ರಹ ಮಾಡಿಸಬೇಕು ಅಂತಿದೀವಿ. ಒಂದು ಕಂಪನಿ ಪ್ರತಿಷ್ಠಾನ ಇದಕ್ಕೆ ಸಿಎಸ್‌ಆರ್ ಹಣ ಕೊಡುತ್ತೆ, ಆದರೆ ಪ್ರಕಟಣೆ ಇಂಗ್ಲಿಷ್‌ನಲ್ಲಿ 42 ಪುಟ ಇದೆ. ಆಡಳಿತ ಮಂಡಳಿಯವರಿಗೂ ಅಕೌಂಟೆಂಟ್‌ಗೂ ಫೀಲ್ಡ್‌ನವರಿಗೂ ಅರ್ಥ ಆಗೋ ಹಾಗೆ ಎರಡು ಪುಟದ ಸಾರಾಂಶ ಬೇಕು: ಎಷ್ಟು ಹಣ, ಯಾವ ಖರ್ಚು, ಯಾವಾಗ ವರದಿ. ನಾನು ಬರೆದದ್ದು 15 ಪುಟ ಆಯಿತು. ಪ್ರಕಟಣೆಯನ್ನೂ ಆ ಕರಡನ್ನೂ ನಮ್ಮ ಮೂರು ವರ್ಷದ ಖರ್ಚಿನ ಲೆಕ್ಕವನ್ನೂ ಲಗತ್ತಿಸಿದ್ದೇನೆ. ಎಲ್ಲಿಂದ ಹಿಡಿಯಬೇಕು ಹೇಳಿ.

ಉತ್ತರ: ಹಿಂದಿನಿಂದ ಹಿಡಿಯಿರಿ. ಮೊದಲ ಪುಟದಿಂದ ಓದುತ್ತಾ ಓದುತ್ತಾ ಬರೆದರೆ ಯಾರು ಬರೆದರೂ 15 ಪುಟ ಆಗುತ್ತದೆ. ಇಂಥ ಪ್ರಕಟಣೆಗಳಲ್ಲಿ ಮೊದಲ ಹತ್ತು ಹನ್ನೆರಡು ಪುಟ ಹೆಚ್ಚಾಗಿ ದಾನಿ ಸಂಸ್ಥೆಯ ಧ್ಯೇಯ, ನೀರಿನ ಸಮಸ್ಯೆಯ ಹಿನ್ನೆಲೆ, ಹಿಂದಿನ ಯೋಜನೆಗಳ ವರ್ಣನೆಗೆ ಹೋಗಿರುತ್ತವೆ. ನಿಮ್ಮನ್ನು ಕಟ್ಟಿಹಾಕುವ ಮಾತು ಹೆಚ್ಚಿನದು ಕೊನೆಯ ಪುಟಗಳಲ್ಲಿ ಇರುತ್ತದೆ: ಬಜೆಟ್ ನಮೂನೆ, ಅದರ ಕೆಳಗಿನ ಸಣ್ಣಕ್ಷರದ ಟಿಪ್ಪಣಿಗಳು, ಮಾದರಿ ಒಪ್ಪಂದ, ಪದಗಳ ವ್ಯಾಖ್ಯೆ. ನಿಮ್ಮ ಪ್ರಕಟಣೆಯಲ್ಲಿ ಅದು 29ನೇ ಪುಟದಿಂದ ಶುರುವಾಗುತ್ತದೆ. ಮೊದಲು ಆ 14 ಪುಟಗಳನ್ನು ಎರಡು ಸಲ ಓದಿ, ಆಮೇಲೆ ಮೊದಲ ಪುಟಗಳಿಗೆ ಬನ್ನಿ. ಅದಕ್ಕೂ ಮೊದಲು ದಾನಿ ಸಂಸ್ಥೆಯ ಜಾಲತಾಣದಲ್ಲಿ ಇದೇ ಪ್ರಕಟಣೆಗೆ ತಿದ್ದುಪಡಿ ಅಥವಾ ಪ್ರಶ್ನೋತ್ತರ ಹಾಕಿದ್ದಾರಾ ನೋಡಿ. ಕೊನೆಯ ದಿನಾಂಕ, ಶೇಕಡಾ ಮಿತಿಗಳು ಅಲ್ಲಿ ಬದಲಾಗಿದ್ದರೆ ನಿಮ್ಮ ಕೈಯಲ್ಲಿರುವ ಪಿಡಿಎಫ್‌ನಲ್ಲಿ ಅದು ಕಾಣುವುದಿಲ್ಲ.

ಬರೆಯುವಾಗ ಒಂದೇ ಒಂದು ಶಿಸ್ತು ಇಟ್ಟುಕೊಂಡರೆ ಸಾಕು. ಶೇಕಡಾ ಎಲ್ಲಿ ಬಂದರೂ ಅದು ಯಾವುದರ ಮೇಲೆ ಎಂದು ಪಕ್ಕದಲ್ಲೇ ಬರೆಯಿರಿ. ಗಡುವು ಎಲ್ಲಿ ಬಂದರೂ ಅದು ಯಾವತ್ತಿನಿಂದ ಎಂದು ಬರೆಯಿರಿ. ಸಾರಾಂಶ ಓದಿಕೊಂಡು ಬಜೆಟ್ ಮಾಡಿದವರು ಎಡವುವುದು ಹೆಚ್ಚಾಗಿ ಇವೆರಡರಲ್ಲೇ. ನಿಮ್ಮದೇ ಲೆಕ್ಕ ಹಿಡಿದು ನೋಡೋಣ.

ಎಷ್ಟು ಹಣ

ಮುಖಪುಟದಲ್ಲಿ "18 ತಿಂಗಳಿಗೆ 10ರಿಂದ 25 ಲಕ್ಷ" ಎಂದಿದೆ. ನಿಮ್ಮ 15 ಪುಟದ ಕರಡಿನಲ್ಲೂ ಅದೇ ಇದೆ. ಆದರೆ 9ನೇ ಪುಟದಲ್ಲಿ, ಅರ್ಹತೆಯ ಷರತ್ತುಗಳ ನಡುವೆ ಇನ್ನೊಂದು ಮಾತಿದೆ: ಒಟ್ಟು ಅನುದಾನ ಅರ್ಜಿದಾರ ಸಂಸ್ಥೆಯ ಕಳೆದ ಮೂರು ವರ್ಷಗಳ ಸರಾಸರಿ ವಾರ್ಷಿಕ ಖರ್ಚಿನ ಅರ್ಧವನ್ನು ಮೀರಬಾರದು. ನಿಮ್ಮ ಲೆಕ್ಕಪರಿಶೋಧಿತ ಖರ್ಚು ಕ್ರಮವಾಗಿ 36, 42, 48 ಲಕ್ಷ. ಸರಾಸರಿ 42 ಲಕ್ಷ, ಅದರ ಅರ್ಧ 21 ಲಕ್ಷ. ಅಂದರೆ ನಿಮ್ಮ ಮಟ್ಟಿಗೆ ಮಿತಿ 25 ಅಲ್ಲ, 21. ಸಾರಾಂಶದ ಮೊದಲ ಸಾಲಿನಲ್ಲಿ ಇದೇ ಅಂಕಿ ಇರಬೇಕು. 25 ಲಕ್ಷವನ್ನು ನಂಬಿ ಬಜೆಟ್ ಹಾಕಿದರೆ ಅರ್ಜಿ ಮೊದಲ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ, ಕಾರಣವನ್ನೂ ಯಾರೂ ಬರೆದು ಕಳಿಸುವುದಿಲ್ಲ.

ಮುಂದಿನದು ಸ್ವಂತ ಪಾಲು. "ಒಟ್ಟು ಯೋಜನಾ ವೆಚ್ಚದ ಶೇ 10" ಎಂದಿದ್ದಾರೆ. 21 ಲಕ್ಷದ ಶೇ 10 ಎಂದು 2,10,000 ಬರೆದುಬಿಡುವುದು ಸಹಜ, ಆದರೆ ತಪ್ಪು. ಒಟ್ಟು ವೆಚ್ಚವೆಂದರೆ ಅನುದಾನ ಮತ್ತು ಸ್ವಂತ ಪಾಲು ಎರಡೂ ಸೇರಿದ್ದು. ಹಾಗಾಗಿ 21 ಲಕ್ಷ ಎಂಬುದು ಒಟ್ಟಿನ ಶೇ 90. ಒಟ್ಟು 23,33,333 ಆಗುತ್ತದೆ, ನಿಮ್ಮ ಪಾಲು 2,33,333. ಇದರಲ್ಲಿ ಅರ್ಧವನ್ನು ಶ್ರಮದಾನ, ಸಾಮಗ್ರಿ ರೂಪದಲ್ಲಿ ತೋರಿಸಬಹುದು ಎಂದಿದೆ. ಉಳಿದ 1,16,667 ನಗದಾಗಿಯೇ ಬೇಕು. ಶ್ರಮದಾನ ಎಂದ ಕೂಡಲೇ ಫೀಲ್ಡ್‌ನವರು ನಿರಾಳವಾಗುತ್ತಾರೆ, ಆದ್ದರಿಂದ ಆ ಸಾಲಿನ ಪಕ್ಕದಲ್ಲೇ ಪ್ರಕಟಣೆ ಕೇಳುವ ದಾಖಲೆಯನ್ನೂ ಬರೆಯಿರಿ: ದಿನವಾರು ಹಾಜರಿ ಪುಸ್ತಕ, ಸಹಿ, ಮತ್ತು ದಿನಗೂಲಿ ದರ ಯಾವ ಆಧಾರದ ಮೇಲೆ ಹಾಕಿದ್ದು ಎಂಬುದು. ಗುಂಡಿ ತೋಡಿ ಮುಗಿದ ಮೇಲೆ ಹಾಜರಿ ಪುಸ್ತಕ ಬರೆಯಲು ಕೂತರೆ ಎಲ್ಲ ಸಹಿಯೂ ಒಂದೇ ಪೆನ್ನಿನಲ್ಲಿರುತ್ತದೆ. ಆಡಿಟರ್ ಕಣ್ಣಿಗೆ ಮೊದಲು ಬೀಳುವುದೇ ಅದು.

ಯಾವ ಖರ್ಚು

ಇಲ್ಲಿ ಖರ್ಚಿನ ಎಲ್ಲ ಬಾಬ್ತುಗಳನ್ನೂ ನಕಲು ಮಾಡಬೇಡಿ. ನಿಮ್ಮ ಯೋಜನೆಗೆ ತಗಲುವವು ನಾಲ್ಕು: ಸಿಬ್ಬಂದಿ, ಓವರ್‌ಹೆಡ್, ಉಪಕರಣ, ಶಾಲೆಯಲ್ಲಿ ಮಾಡುವ ಕೆಲಸ. ವಿದೇಶ ಪ್ರಯಾಣ, ಸಂಶೋಧನಾ ವೇತನ, ಪ್ರಕಟಣಾ ವೆಚ್ಚದ ನಿಯಮಗಳನ್ನು ಬಿಟ್ಟುಬಿಡಿ. ಮೂಲ ಹೇಗೂ ಕೈಯಲ್ಲೇ ಇರುತ್ತದೆ.

ಸಿಬ್ಬಂದಿಗೆ ಅನುದಾನದ ಶೇ 30. ಅಂದರೆ 6,30,000, ಹದಿನೆಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 35,000. ಸಾರಾಂಶದಲ್ಲಿ ಶೇಕಡಾವಾರಿಗಿಂತ ಈ 35,000ವೇ ಉಪಯೋಗಕ್ಕೆ ಬರುತ್ತದೆ. ಇಬ್ಬರು ಫೀಲ್ಡ್ ಕಾರ್ಯಕರ್ತರು ಮತ್ತು ಅರ್ಧ ಕಾಲದ ಒಬ್ಬ ಸಂಯೋಜಕರು ಇದರೊಳಗೆ ಬರುತ್ತಾರಾ ಎಂದು ಮಂಡಳಿಯವರು ಕೂತಲ್ಲೇ ಹೇಳಬಲ್ಲರು. ಪಿಎಫ್ ಕಟ್ಟುತ್ತಿದ್ದರೆ ಸಂಸ್ಥೆಯ ಪಾಲೂ ಇದರೊಳಗೇ ಎಂಬುದನ್ನು ಒಂದು ಮಾತಿನಲ್ಲಿ ಸೇರಿಸಿ.

ಓವರ್‌ಹೆಡ್, ಅಂದರೆ ಕಚೇರಿ ಬಾಡಿಗೆ, ಕರೆಂಟು, ಲೆಕ್ಕಪತ್ರದ ಖರ್ಚು, "ನೇರ ಕಾರ್ಯಕ್ರಮ ವೆಚ್ಚದ ಶೇ 10" ಎಂದಿದೆ. ಮತ್ತೆ ಅದೇ ಬಲೆ. ಅನುದಾನದ ಶೇ 10 ಎಂದುಕೊಂಡರೆ 2,10,000. ಆದರೆ ಅನುದಾನದ 21 ಲಕ್ಷದೊಳಗೆ ನೇರ ವೆಚ್ಚವೂ ಇದೆ, ಅದರ ಮೇಲಿನ ಶೇ 10 ಕೂಡ ಇದೆ. 21 ಲಕ್ಷವನ್ನು 1.1ರಿಂದ ಭಾಗಿಸಿ. ನೇರ ವೆಚ್ಚ 19,09,091, ಓವರ್‌ಹೆಡ್ 1,90,909. ವ್ಯತ್ಯಾಸ 19,091 ರೂಪಾಯಿ. ಸಣ್ಣದೆನಿಸುತ್ತದೆ, ಆದರೆ ಯೋಜನೆ ಮುಗಿದ ಮೇಲೆ ಅದನ್ನು ಒಪ್ಪದೆ ವಾಪಸ್ ಕೇಳಿದಾಗ ಆ ಬಾಡಿಗೆ ಕಟ್ಟಿಯಾಗಿರುತ್ತದೆ.

ಈ ಜಾಗದಲ್ಲಿ ಒಂದು ತಪ್ಪು ತಿಳಿವಳಿಕೆ ನುಸುಳುತ್ತದೆ, ನಿಮ್ಮ ಕರಡಿನಲ್ಲೂ ನುಸುಳಿದೆ: "ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ ಶೇ 5 ಮಾತ್ರ." 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮದಲ್ಲಿ ಶೇ 5ರ ಮಿತಿ ಇರುವುದು ನಿಜ, ಆದರೆ ಅದು ಕಂಪನಿಯ ಮೇಲಿನ ಮಿತಿ. ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಕಂಪನಿ ಮಾಡುವ ಸಾಮಾನ್ಯ ಆಡಳಿತ ಖರ್ಚು ಆ ವರ್ಷದ ಒಟ್ಟು ಸಿಎಸ್‌ಆರ್ ವೆಚ್ಚದ ಶೇ 5 ಮೀರಬಾರದು ಎಂದು ಅದರ ಅರ್ಥ. ನಿಮ್ಮ ಮಿತಿ ಪ್ರಕಟಣೆ ಹೇಳಿದ್ದು. ಕೆಲವು ದಾನಿಗಳು ತಾವೇ ಶೇ 5 ಎಂದು ಬರೆಯುತ್ತಾರೆ, ಆಗ ಅದೇ ನಿಯಮ. ಇವರು ಬರೆದಿಲ್ಲ. ಕೇಳಿದ ಮಾತನ್ನು ಪ್ರಕಟಣೆಯ ಬಾಯಿಗೆ ತುರುಕಬೇಡಿ. ಮುಂದೆ ವಿದೇಶಿ ದೇಣಿಗೆಯ ಪ್ರಕಟಣೆ ಬಂದರೆ ಮಾತು ಬೇರೆ: ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ದಾನಿ ಹೆಚ್ಚು ಕೊಡಲು ಒಪ್ಪಿದರೂ ಕಾಯ್ದೆ ಒಪ್ಪುವುದಿಲ್ಲ.

ಈಗ ಉಪಕರಣ. ಇಡೀ ಪ್ರಕಟಣೆಯಲ್ಲಿ ನಿಮಗೆ ಅತಿ ಮುಖ್ಯವಾದ ಸಾಲು ಇಲ್ಲಿದೆ. ಬಜೆಟ್ ನಮೂನೆಯಲ್ಲಿ "ಬಂಡವಾಳ ವೆಚ್ಚ ಅನುದಾನದ ಶೇ 15 ಮೀರಬಾರದು" ಎಂದಿದೆ. 21 ಲಕ್ಷಕ್ಕೆ 3,15,000. ಶಾಲೆಯ ತೊಟ್ಟಿ, ಸೋಸುವ ಘಟಕ, ದೋಣಿ ಪೈಪು ಎಲ್ಲ ಇದರೊಳಗೇ ಬರಬೇಕಾದರೆ ಒಂದು ಶಾಲೆಗೆ ಸಿಗುವುದು 39,375. ಅಷ್ಟರಲ್ಲಿ ಶಾಲೆ ತುಂಬ ಮಕ್ಕಳಿಗೆ ಸಾಲುವ ತೊಟ್ಟಿ ಆಗದು, ಅರ್ಜಿಯನ್ನೇ ಕೈಬಿಡಬೇಕಾಗುತ್ತದೆ. ಆದರೆ 33ನೇ ಪುಟದ ವ್ಯಾಖ್ಯೆ ನೋಡಿ: ಬಂಡವಾಳ ವೆಚ್ಚವೆಂದರೆ 5,000 ರೂಪಾಯಿಗಿಂತ ಹೆಚ್ಚಿನ, ಒಂದು ವರ್ಷಕ್ಕಿಂತ ಹೆಚ್ಚು ಬಾಳುವ, *ಅನುದಾನ ಪಡೆದ ಸಂಸ್ಥೆಯ ಒಡೆತನದಲ್ಲಿ ಉಳಿಯುವ* ವಸ್ತು. ಶಾಲೆಯ ಜಾಗದಲ್ಲಿ ಕಟ್ಟಿ ಶಾಲೆಗೇ ಒಪ್ಪಿಸುವ ತೊಟ್ಟಿ ನಿಮ್ಮ ಒಡೆತನದ್ದಲ್ಲ, ಹಾಗಾಗಿ ಅದು ಕಾರ್ಯಕ್ರಮ ವೆಚ್ಚ. ನಿಮ್ಮ ಕಚೇರಿಗೆ ಕೊಳ್ಳುವ ಲ್ಯಾಪ್‌ಟಾಪ್, ನೀರು ಪರೀಕ್ಷೆಯ ಮೀಟರ್ ಮಾತ್ರ ಶೇ 15ರೊಳಗೆ ಬರುತ್ತವೆ. ಸಿಎಸ್‌ಆರ್ ನಿಯಮದ ಜೊತೆಗೂ ಇದು ಹೊಂದುತ್ತದೆ. ಆ ಹಣದಲ್ಲಿ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ, ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಇರಬಹುದು. ಆದರೂ ಇಷ್ಟು ದೊಡ್ಡ ವಿಷಯವನ್ನು ನಿಮ್ಮ ಓದಿನ ಮೇಲೇ ಬಿಡಬೇಡಿ. ಸಂದೇಹ ಕೇಳಲು ಕೊಟ್ಟಿರುವ ದಿನಾಂಕದೊಳಗೆ ಇಮೇಲ್‌ನಲ್ಲಿ ಒಂದೇ ವಾಕ್ಯ ಕೇಳಿ, ಉತ್ತರ ಬಂದ ದಿನಾಂಕವನ್ನು ಸಾರಾಂಶದಲ್ಲಿ ಆ ಸಾಲಿನ ಪಕ್ಕ ಬರೆಯಿರಿ. ಒಡೆತನ ಶಾಲೆಯದು ಎಂದು ತೋರಿಸಲು ಎಸ್‌ಡಿಎಂಸಿ ನಿರ್ಣಯ, ಬಿಇಒ ಕಚೇರಿಯ ಅನುಮತಿ ಪತ್ರ, ಕೊನೆಗೆ ಹಸ್ತಾಂತರ ಪತ್ರ ಬೇಕಾಗುತ್ತವೆ. ಇದು ಫೀಲ್ಡ್‌ನವರಿಗೆ ಸೇರಿದ ಸಾಲು.

ಖರ್ಚಿನ ಭಾಗದಲ್ಲಿ ಇನ್ನೊಂದೇ ವಿಷಯ, ದಿನಾಂಕ. ಒಪ್ಪಂದಕ್ಕೆ ಸಹಿಯಾದ ದಿನದ ನಂತರದ ಬಿಲ್ ಮಾತ್ರ ನಡೆಯುತ್ತದೆ. ಆಯ್ಕೆಯಾದ ಪತ್ರ ಬಂದ ಖುಷಿಯಲ್ಲಿ ಸಹಿಗೆ ಮೊದಲೇ ಪೈಪ್ ತಂದರೆ ಆ ಬಿಲ್ ನಿಮ್ಮ ತಲೆಗೇ. ಜಿಎಸ್‌ಟಿ ನೋಂದಣಿ ಇಲ್ಲದ ಸಂಸ್ಥೆಗೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಆದ್ದರಿಂದ ಕೊಟೇಶನ್‌ಗಳನ್ನು ತೆರಿಗೆ ಸೇರಿಸಿಯೇ ಬಜೆಟ್‌ಗೆ ತನ್ನಿ.

ಯಾವಾಗ ಹಣ, ಯಾವಾಗ ವರದಿ

ಇವೆರಡನ್ನು ಬೇರೆ ಬೇರೆ ಬರೆಯಬೇಡಿ. ಪ್ರಕಟಣೆಯಲ್ಲಿ ಕಂತು 14ನೇ ಪುಟದಲ್ಲಿ, ವರದಿ 36ನೇ ಪುಟದಲ್ಲಿ ಇದೆ. ಆದರೆ ಒಂದು ಇನ್ನೊಂದಕ್ಕೆ ಗಂಟುಬಿದ್ದಿದೆ.

ಕಂತುಗಳು 40, 40, 20. ನಿಮಗೆ 8.4 ಲಕ್ಷ, 8.4 ಲಕ್ಷ, 4.2 ಲಕ್ಷ. ಎರಡನೆಯದಕ್ಕೆ ಮೊದಲ ಕಂತಿನ ಶೇ 75, ಅಂದರೆ 6.3 ಲಕ್ಷ ಖರ್ಚಾಗಿ, ಸಿಎ ಸಹಿಯ ಯುಸಿ, ಅಂದರೆ ಹಣ ಬಳಕೆಯ ಪ್ರಮಾಣಪತ್ರ, ಹೋಗಬೇಕು. "ಖರ್ಚು" ಎಂದರೇನು ಎಂಬುದಕ್ಕೂ ವ್ಯಾಖ್ಯೆ ಇದೆ: ಸಾಮಾನು ಬಂದು, ಬಿಲ್ ಬಂದು, ಪಾವತಿಯಾದದ್ದು. ಮುಂಗಡ ಲೆಕ್ಕಕ್ಕಿಲ್ಲ. ಬ್ಯಾಂಕಿನಿಂದ 6.5 ಲಕ್ಷ ಹೊರಗೆ ಹೋಗಿದ್ದರೂ ಅದರಲ್ಲಿ ಒಂದೂವರೆ ಲಕ್ಷ ತೊಟ್ಟಿ ಸರಬರಾಜುದಾರರಿಗೆ ಕೊಟ್ಟ ಅಡ್ವಾನ್ಸ್ ಆಗಿದ್ದರೆ ಖರ್ಚು 5 ಲಕ್ಷ ಮಾತ್ರ, ಶೇ 60ಕ್ಕೂ ಕಡಿಮೆ. ಯುಸಿ ವಾಪಸ್ ಬರುತ್ತದೆ. ಪಾಸ್‌ಬುಕ್ ನೋಡಿಕೊಂಡು ಲೆಕ್ಕ ಹಾಕುವವರು ಎಡವುವುದು ಇಲ್ಲಿಯೇ.

ಯುಸಿ ಸರಿಯಾಗಿ ಸೇರಿದ ಮೇಲೂ ಹಣ ಬಿಡುಗಡೆಗೆ 45 *ಕೆಲಸದ* ದಿನ ತಗೊಳ್ಳುತ್ತಾರೆ. ವಾರಕ್ಕೆ ಐದು ದಿನದ ಲೆಕ್ಕದಲ್ಲಿ ಒಂಬತ್ತು ವಾರ, ರಜೆ ಬಂದರೆ ಇನ್ನೂ ಹೆಚ್ಚು. ನಿಮ್ಮ ಕಟ್ಟುವ ಕೆಲಸ ಏಪ್ರಿಲ್, ಮೇ ಬೇಸಿಗೆ ರಜೆಯಲ್ಲಿ ಆಗಬೇಕು. ಶಾಲೆ ನಡೆಯುವಾಗ ಅಂಗಳ ಅಗೆಯಲು ಬಿಡುವುದಿಲ್ಲ. ಅಂದರೆ ಮಾರ್ಚ್ ಕೊನೆಗೆ ಎರಡನೇ ಕಂತು ಕೈಯಲ್ಲಿರಬೇಕು. ಹಿಂದಕ್ಕೆ ಎಣಿಸಿದರೆ ಜನವರಿ ಮಧ್ಯದೊಳಗೆ ಯುಸಿ ಹೋಗಬೇಕು, ಅದಕ್ಕೂ ಮೊದಲು 6.3 ಲಕ್ಷದ ಬಿಲ್ ಆಗಿರಬೇಕು. ಒಪ್ಪಂದ ಆಗಸ್ಟ್ 20ಕ್ಕೆ ಎಂದಿದ್ದಾರೆ. ಆ ಐದು ತಿಂಗಳಲ್ಲಿ ಸಂಬಳಕ್ಕೆ ಹೋಗುವುದು ಹೆಚ್ಚೆಂದರೆ 1,75,000. ಉಳಿದ ನಾಲ್ಕೂವರೆ ಲಕ್ಷಕ್ಕೆ ಕೆಲವು ಶಾಲೆಗಳ ಸಾಮಗ್ರಿಯನ್ನು ಡಿಸೆಂಬರ್‌ನೊಳಗೇ ತರಿಸಿ ಬಿಲ್ ಮಾಡಿಸಬೇಕು. ಪ್ರಕಟಣೆಯಲ್ಲಿ ಎಲ್ಲೂ "ಜನವರಿ ಮಧ್ಯ" ಎಂದು ಇಲ್ಲ. ಆದರೂ ನಿಮ್ಮ ಸಾರಾಂಶದಲ್ಲಿ ಅದು ಇರಲೇಬೇಕು, "ನಮ್ಮ ಲೆಕ್ಕ" ಎಂಬ ಗುರುತಿನೊಂದಿಗೆ.

ಕೊನೆಯ 4.2 ಲಕ್ಷ ಅಂತಿಮ ವರದಿಗೆ ಅವರು ಒಪ್ಪಿಗೆ ಕೊಟ್ಟ ಮೇಲೆ ಬರುತ್ತದೆ. ಅಂದರೆ ಅಷ್ಟು ಹಣವನ್ನು ನೀವು ಮೊದಲು ಕೈಯಿಂದ ಹಾಕಿರಬೇಕು. ಸ್ವಂತ ಪಾಲಿನ ನಗದು 1,16,667 ಸೇರಿದರೆ 5,36,667. ಮಂಡಳಿಯವರು ನಿಜಕ್ಕೂ ನಿರ್ಧರಿಸಬೇಕಾದ ಅಂಕಿ ಇದು.

ವರದಿಗೆ ಬಂದರೆ, "ತ್ರೈಮಾಸಿಕ ಮುಗಿದ 15 ದಿನದೊಳಗೆ" ಎಂದಿದೆ, ತ್ರೈಮಾಸಿಕವೆಂದರೆ ಆರ್ಥಿಕ ವರ್ಷದ ತ್ರೈಮಾಸಿಕ ಎಂದೂ ಇದೆ. ಒಪ್ಪಂದದಿಂದ ಮೂರು ತಿಂಗಳು ಎಂದುಕೊಂಡು ನವೆಂಬರ್‌ಗೆ ಕಾಯಬೇಡಿ. ಮೊದಲ ತ್ರೈಮಾಸಿಕ ಸೆಪ್ಟೆಂಬರ್ 30ಕ್ಕೇ ಮುಗಿಯುತ್ತದೆ, 42 ದಿನದ ಕೆಲಸಕ್ಕೆ ಅಕ್ಟೋಬರ್ 15ರೊಳಗೆ ವರದಿ. ಆಮೇಲೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ 15. ಒಟ್ಟು ಆರು. ಮೊದಲ ಮಾರ್ಚ್ 31ರ ಲೆಕ್ಕದ ಯುಸಿ 60 ದಿನದೊಳಗೆ, ಅಂದರೆ ಮೇ 30. ಹದಿನೆಂಟು ತಿಂಗಳು ಮುಗಿಯುವುದು ಫೆಬ್ರವರಿ 19ಕ್ಕೆ, ಅಲ್ಲಿಂದ 45 ದಿನಕ್ಕೆ ಅಂತಿಮ ವರದಿ, ಅದು ಏಪ್ರಿಲ್ ಮೊದಲ ವಾರ. ವರ್ಷಾಂತ್ಯದ ಲೆಕ್ಕಪತ್ರದ ಒತ್ತಡವೂ ಆಗಲೇ ಇರುತ್ತದೆ, ಸಿಎ ಅವರಿಗೆ ಮುಂಚೆಯೇ ಹೇಳಿಡಿ.

ಬರೆದದ್ದು ಹೀಗೆ ಕಾಣಬೇಕು

> ನಮಗೆ ಸಿಗಬಹುದಾದ ಹೆಚ್ಚಿನ ಅನುದಾನ: 21,00,000. ಮುಖಪುಟದ 25 ಲಕ್ಷ ನಮಗೆ ಅನ್ವಯಿಸದು. (ಪುಟ 9)
>
> ಓವರ್‌ಹೆಡ್: 1,90,909ರವರೆಗೆ. ನೇರ ವೆಚ್ಚದ ಶೇ 10, ಅನುದಾನದ ಶೇ 10 ಅಲ್ಲ. (ಪುಟ 31, ಟಿಪ್ಪಣಿ)
>
> ಶಾಲೆಯ ತೊಟ್ಟಿ: ಕಾರ್ಯಕ್ರಮ ವೆಚ್ಚ, ಶೇ 15ರ ಮಿತಿಗೆ ಸೇರದು. (ಪುಟ 33, ಇಮೇಲ್‌ನಲ್ಲಿ ಕೇಳಿದೆ, ಉತ್ತರ ಬರಬೇಕು)
>
> ಎರಡನೇ ಕಂತು 8,40,000: 6,30,000 ಖರ್ಚಾಗಿ ಯುಸಿ ಸೇರಿದ ಮೇಲೆ 45 ಕೆಲಸದ ದಿನ. ಅಡ್ವಾನ್ಸ್ ಖರ್ಚಲ್ಲ. (ಪುಟ 14, 34) ನಮ್ಮ ಲೆಕ್ಕ: ಯುಸಿ ಜನವರಿ 15ರೊಳಗೆ.
>
> ಬ್ಯಾಂಕ್ ಬಡ್ಡಿ ಯಾರಿಗೆ: ಪ್ರಕಟಣೆಯಲ್ಲಿ ಇಲ್ಲ. ಕೇಳಬೇಕು.

ಪ್ರತಿ ಸಾಲಿಗೂ ಪುಟದ ಸಂಖ್ಯೆ ಇರಲಿ. ಮಂಡಳಿಯಲ್ಲಿ ಯಾರಾದರೂ "ಇದು ಎಲ್ಲಿದೆ?" ಎಂದರೆ ಒಂದು ನಿಮಿಷದಲ್ಲಿ ತೋರಿಸಬೇಕು. ಕೊನೆಯ ಸಾಲಿನ ಹಾಗೆ, ಪ್ರಕಟಣೆ ಏನೂ ಹೇಳದ ಕಡೆ "ಇಲ್ಲ" ಎಂದೇ ಬರೆಯಿರಿ. ಬೇರೆ ದಾನಿಗಳ ರೂಢಿಯಿಂದ ಆ ಜಾಗ ತುಂಬುವ ಆಸೆ ಬರುತ್ತದೆ. ಸರ್ಕಾರಿ ಅನುದಾನದಲ್ಲಿ ಬಡ್ಡಿಯನ್ನು ವಾಪಸ್ ಕಟ್ಟುವುದು ಸಾಮಾನ್ಯ ಎಂದು ಇಲ್ಲೂ ಹಾಗೇ ಬರೆದರೆ ಅದು ನಿಮ್ಮ ಊಹೆ.

ಮುಗಿದ ಮೇಲೆ ಪ್ರಕಟಣೆಯನ್ನು ಓದದ ಒಬ್ಬರಿಗೆ ಸಾರಾಂಶ ಮಾತ್ರ ಕೊಟ್ಟು ಬಜೆಟ್ ಹಾಕಿಸಿ. ಅಕೌಂಟೆಂಟ್ ಆದರೆ ಒಳ್ಳೆಯದು. ಅವರ ಓವರ್‌ಹೆಡ್ ಸಾಲಿನಲ್ಲಿ 2,10,000 ಬಂದರೆ, ತಿದ್ದಬೇಕಾದದ್ದು ಅವರ ಬಜೆಟ್ ಅಲ್ಲ, ನಿಮ್ಮ ವಾಕ್ಯ. ಫೀಲ್ಡ್‌ನವರನ್ನು ಒಂದೇ ಪ್ರಶ್ನೆ ಕೇಳಿ: ತೊಟ್ಟಿಯವರಿಗೆ ಅಡ್ವಾನ್ಸ್ ಕೊಟ್ಟ ದಿನ ಖರ್ಚು ಎಷ್ಟು ಏರಿತು? "ಏರಲಿಲ್ಲ" ಎಂಬ ಉತ್ತರ ಬಂದರೆ ಸಾಲು ತಲುಪಿದೆ.

ಆಯ್ಕೆಯಾದರೆ ಒಪ್ಪಂದ ಬರುತ್ತದೆ. ನಿಮ್ಮ 40ನೇ ಪುಟದಲ್ಲೇ ಇದೆ, ಪ್ರಕಟಣೆಗೂ ಒಪ್ಪಂದಕ್ಕೂ ವ್ಯತ್ಯಾಸ ಬಂದರೆ ಒಪ್ಪಂದದ ಮಾತೇ ಅಂತಿಮ. ಆದ್ದರಿಂದ ಸಹಿ ಹಾಕುವ ಮೊದಲು ಸಾರಾಂಶವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಂಕಿಯನ್ನೂ ಒಪ್ಪಂದದ ಕರಡಿಗೆ ತಾಳೆ ನೋಡಿ, ಬದಲಾದದ್ದನ್ನು ತಿದ್ದಿ, ಮೇಲೆ ಹೊಸ ದಿನಾಂಕ ಹಾಕಿ, ಗೋಡೆಗೆ ಅಂಟಿಸಿರುವ ಹಳೆಯ ಪ್ರತಿಯನ್ನು ತೆಗೆಸಿ.